ಎಫ್‌ಆರ್‌ಎ ಸೆಟಲ್‌ಮೆಂಟ್: ಬ್ಯಾಂಕಿನ ಮೊತ್ತಕ್ಕೂ ನನ್ನ ಶೀಟಿಗೂ 13 ಯೂರೋ ವ್ಯತ್ಯಾಸ

ತಾಳೆಪಟ್ಟಿ:
ಎರಡು ದಿನದಿಂದ ಇದರ ಹಿಂದೆ ಬಿದ್ದಿದ್ದೇನೆ. ಫಿಕ್ಸಿಂಗ್ ಆಯಿತು, ಎದುರಿನ ಬ್ಯಾಂಕ್ ಕಳಿಸಿದ ಮೊತ್ತ ನನ್ನದಕ್ಕಿಂತ 13 ಯೂರೋ ಕಡಿಮೆ ಇದೆ. ಅಸಲು, ದರ, ದಿನ ಎಲ್ಲವನ್ನೂ ತಾಳೆ ನೋಡಿದ್ದೇನೆ. ಸೂತ್ರವೂ ಎಲ್ಲರೂ ಬಳಸುವುದೇ. ತಪ್ಪು ಅವರದೇ ಎಂದು ಪತ್ರ ಬರೆಯಲು ಕುಳಿತಿದ್ದೇನೆ. ಯಾರಿಗಾದರೂ ಹೀಗಾಗಿದೆಯೇ?

ದಿನಗಣಕ:
360 ಮತ್ತು 365ರ ಗೊಂದಲ, ಬೇರೇನೂ ಅಲ್ಲ. ನನ್ನ ಅನುಭವದಲ್ಲಿ ಹತ್ತರಲ್ಲಿ ಒಂಬತ್ತು ಸಲ ಇದೇ. ಒಬ್ಬರು 365ರಿಂದ ಭಾಗಿಸಿರುತ್ತಾರೆ.

ತಾಳೆಪಟ್ಟಿ:
ಇಬ್ಬರೂ 360 ಬಳಸಿದ್ದೇವೆ. ಮೂರು ತಿಂಗಳ ಯೂರಿಬೋರ್ ಇದು.

ದಿನಗಣಕ:
ಹಾಗಾದರೆ ದಿನಗಳ ಎಣಿಕೆಯೇ ತಪ್ಪಿದೆ. ಕೊನೆಯ ದಿನವನ್ನು ಸೇರಿಸಿಕೊಂಡಿದ್ದೀರಾ? ರಜೆ ಬಂದು ಅವಧಿ ಒಂದು ದಿನ ಸರಿದಿದೆಯೇ? ಅದನ್ನು ಮೊದಲು ನೋಡಿ.

ಹಳೆಡೆಸ್ಕ್:
ಅಂಕಿಗಳನ್ನೇ ಕೊಡದಿದ್ದರೆ ಎಲ್ಲರೂ ಕತ್ತಲೆಯಲ್ಲಿ ತಡಕಬೇಕಾಗುತ್ತದೆ. ಅಸಲು, ಒಪ್ಪಂದದ ದರ, ಫಿಕ್ಸಿಂಗ್ ದರ, ದಿನಗಳು, ಎರಡೂ ಮೊತ್ತಗಳು, ಜೊತೆಗೆ ಶೀಟಿನ ಸೂತ್ರ ಇಷ್ಟನ್ನೂ ಹಾಕಿ.

ತಾಳೆಪಟ್ಟಿ:
ಇವು ಎಲ್ಲರಿಗೂ ಗೊತ್ತಿರುವ ಸಂಗತಿ ಎಂದುಕೊಂಡಿದ್ದೆ. ಅಸಲು 1 ಕೋಟಿ ಯೂರೋ, ಒಪ್ಪಂದದ ದರ 3.20%, ಫಿಕ್ಸಿಂಗ್ 3.65%, 92 ದಿನ. ನಾವು ಕೊಂಡವರು, ಆದ್ದರಿಂದ ಹಣ ನಮಗೇ ಬರಬೇಕು. ನನ್ನ ಶೀಟಿನಲ್ಲಿ 11,406.72, ಅವರದು 11,393.72.

```
=B1*(B2-B3)*B4/360/(1+B3*B4/360)
```

ಹಳೆಡೆಸ್ಕ್:
ದಿನಗಣಕರ ಅನುಮಾನವನ್ನು ಈ ಅಂಕಿಗಳೇ ತಳ್ಳಿಹಾಕುತ್ತವೆ. ಒಂದು ದಿನ ಹೆಚ್ಚುಕಡಿಮೆಯಾದರೆ ಸುಮಾರು 125 ಯೂರೋ ಏರುಪೇರಾಗುತ್ತದೆ, 365 ಬಳಸಿದರೆ ನೂರೈವತ್ತಕ್ಕೂ ಹೆಚ್ಚು. 13 ಯೂರೋ ಅಂದರೆ ತೀರ ಸಣ್ಣದು, ಅದು ಛೇದದಲ್ಲಿ ಅಡಗಿರಬೇಕು.

ಡಿಸ್ಕೌಂಟ್ ಮಾಡುವ ಮೊದಲಿನ ಮೊತ್ತ ತೆಗೆಯಿರಿ: ಒಂದು ಕೋಟಿಗೆ 0.45%, 92 ದಿನಕ್ಕೆ, ಸರಿಯಾಗಿ 11,500. ಇದನ್ನು ಅವರ ಮೊತ್ತದಿಂದ ಭಾಗಿಸಿ, ಒಂದನ್ನು ಕಳೆದು, 360/92ರಿಂದ ಗುಣಿಸಿದರೆ 3.65% ಸಿಗುತ್ತದೆ. ನಿಮ್ಮ ಮೊತ್ತದಿಂದ ಹಾಗೆಯೇ ಮಾಡಿದರೆ 3.20%. ಅವರು ಮಾರುಕಟ್ಟೆ ದರದಲ್ಲಿ ಡಿಸ್ಕೌಂಟ್ ಮಾಡಿದ್ದಾರೆ, ನೀವು ಒಪ್ಪಂದದ ದರದಲ್ಲಿ. B3ಯಲ್ಲಿ ಯಾವ ದರ ಇದೆ ನೋಡಿ.

ಕಾರ್ಖಾನೆಲೆಕ್ಕ:
ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮ ಕಂಪನಿಗೂ ಬ್ಯಾಂಕ್ ಹೀಗೆಯೇ ಕಡಿಮೆ ಕೊಟ್ಟಿತ್ತು. ಅದು ಅವರು ಮುರಿದುಕೊಂಡ ಶುಲ್ಕ ಎಂದು ನಾವು ದೂರು ಕೂಡ ಕೊಟ್ಟೆವು. ಇವರ ಲೆಕ್ಕದಲ್ಲೂ ಸಾಲದ ಮೇಲೆ 11,500 ಹೆಚ್ಚು ಬಡ್ಡಿ ಕಟ್ಟಬೇಕು, ಕೈಗೆ ಬರುವುದು 11,393. ಉಳಿದ 106 ಯೂರೋ ಎಲ್ಲಿಗೆ ಹೋಯಿತು?

ಹಳೆಡೆಸ್ಕ್:
ಅದು ಶುಲ್ಕ ಅಲ್ಲ. ಸಾಲದ ಬಡ್ಡಿಯನ್ನು ನೀವು ಅವಧಿಯ ಕೊನೆಯಲ್ಲಿ ಕಟ್ಟುತ್ತೀರಿ, ಎಫ್‌ಆರ್‌ಎ ಹಣವಾದರೋ ಅವಧಿ ಶುರುವಾಗುವ ದಿನವೇ ಬಂದುಬಿಡುತ್ತದೆ. 11,393.72ನ್ನು 3.65%ಗೆ 92 ದಿನ ಇಟ್ಟರೆ 106.28 ಬಡ್ಡಿ ಸೇರಿ 11,500 ಆಗುತ್ತದೆ. ಆ ದಿನದಿಂದ ಮುಂದಕ್ಕೆ ಹಣದ ಬೆಲೆ 3.65%. ಮೂರು ತಿಂಗಳ ಹಿಂದೆ ಮಾತಾಡಿಕೊಂಡ 3.20%ಗೆ ಛೇದದಲ್ಲಿ ಕೆಲಸವಿಲ್ಲ.

ಕಾರ್ಖಾನೆಲೆಕ್ಕ:
ನಮ್ಮ ಖಾತೆಯಲ್ಲಿ ಹಣ ಇಟ್ಟರೆ 3.65% ಯಾರೂ ಕೊಡುವುದಿಲ್ಲ. ಆಗ ಆ ಕೊರತೆ ನಮ್ಮ ತಲೆಯ ಮೇಲೇ ಅಲ್ಲವೇ?

ಹಳೆಡೆಸ್ಕ್:
ಹೌದು, ಅಷ್ಟು ನಿಮ್ಮ ಮೇಲೇ ಉಳಿಯುತ್ತದೆ. ಬಂದ ಹಣವನ್ನು ಸಾಲಕ್ಕೇ ಜಮಾ ಮಾಡಿ ಅಸಲು ಇಳಿಸಲು ಬಿಡುತ್ತಾರೆಯೇ ಕೇಳಿ ನೋಡಿ, ಬಿಟ್ಟರೆ ಕೊರತೆ ಹೆಚ್ಚುಕಡಿಮೆ ತುಂಬುತ್ತದೆ.

ತಾಳೆಪಟ್ಟಿ:
ಸಿಕ್ಕಿತು. ಹಳೆಯ ಶೀಟಿನಲ್ಲಿ ಮಾರುಕಟ್ಟೆ ದರ B3ಯಲ್ಲಿತ್ತು. ಸಾಲುಗಳನ್ನು ಅದಲುಬದಲು ಮಾಡಿದಾಗ ಅಂಶದಲ್ಲಿನ ದರಗಳ ವ್ಯತ್ಯಾಸವನ್ನು ತಿದ್ದಿದ್ದೆ, ಛೇದವನ್ನು ಮರೆತಿದ್ದೆ. ಅಲ್ಲಿ B2 ಹಾಕಿದ ಕೂಡಲೇ 11,393.72 ಬಂತು. ಪತ್ರ ಕಳಿಸದೆ ಉಳಿದದ್ದು ಒಳ್ಳೆಯದಾಯಿತು. ಆದರೆ ಅದೇ ಶೀಟಿನಲ್ಲಿ ಆಸ್ಟ್ರೇಲಿಯನ್ ಡಾಲರಿನ ಒಂದು ಎಫ್‌ಆರ್‌ಎ ಇದೆ, ಅದು ಈಗಲೂ ಕೂಡಿಬರುತ್ತಿಲ್ಲ.

ದಿನಗಣಕ:
ಅಲ್ಲಿ 360 ಹಾಕಿದ್ದೀರಾ? ಆಸ್ಟ್ರೇಲಿಯನ್ ಡಾಲರಿಗೆ 365. ನಾನು ಮೊದಲಿನಿಂದಲೂ ಹೇಳುತ್ತಿರುವುದು ಇದನ್ನೇ.

ಹಳೆಡೆಸ್ಕ್:
ಈ ಸಲ ಅವರ ಮಾತು ಸರಿ, ಆದರೆ ಅಷ್ಟೇ ಸಾಲದಿರಬಹುದು. ಆ ನಾಣ್ಯದಲ್ಲಿ ಅಸಲನ್ನು ಎರಡೂ ದರಗಳಲ್ಲಿ ಬೇರೆಬೇರೆಯಾಗಿ ಡಿಸ್ಕೌಂಟ್ ಮಾಡಿ, ಆಮೇಲೆ ಕಳೆಯುವ ಪದ್ಧತಿ ಇದೆ. ಆಗ ಒಪ್ಪಂದದ ದರವೂ ಛೇದಕ್ಕೆ ಬರುತ್ತದೆ:

```
=B1/(1+B3*B4/365)-B1/(1+B2*B4/365)
```

ನಿಮ್ಮ ಒಪ್ಪಂದ ಯಾವ ಪದ್ಧತಿಯದು ಎಂಬುದು ದೃಢೀಕರಣ ಪತ್ರದ ಡಿಸ್ಕೌಂಟಿಂಗ್ ಸಾಲಿನಲ್ಲಿರುತ್ತದೆ. ಏನಿದೆ ಅಲ್ಲಿ?

ತಾಳೆಪಟ್ಟಿ:
365 ಹಾಕಿದ ಮೇಲೂ ವ್ಯತ್ಯಾಸ ಉಳಿದಿದೆ. ಪತ್ರ ಇನ್ನೊಂದು ವಿಭಾಗದವರ ಬಳಿ ಇದೆ, ನಾಳೆ ತರಿಸಿ ನೋಡುತ್ತೇನೆ.