ಅಪ್‌ಡೇಟ್: ಜಿಮ್ ಸರ್ವೆಯ ಪ್ರಶ್ನೆ ಬದಲಿಸಿ ನೋಡಿದೆ

ನಾನು ಕೇಳಿದ್ದು: "ನಮ್ಮ ಬಡಾವಣೆಯ ಸಣ್ಣ ಜಿಮ್‌ಗೆ ಜನ ಯಾಕೆ ಸೇರ್ತಾರೆ ಅಂತ ತಿಳಿಯೋದು ಹೇಗೆ? ಫಾರಂನಲ್ಲಿ ಎಲ್ಲರೂ 'ಫಿಟ್‌ನೆಸ್' ಅಂತಲೇ ಟಿಕ್ ಹಾಕ್ತಾರೆ."

ನೀವು ಹೇಳಿದ ಹಾಗೆ ಟಿಕ್ ಹಾಕೋದನ್ನ ತೆಗೆದುಬಿಟ್ಟೆ. ಹಳಬರಿಗೆ ಸೇರಿದ ದಿನ ನೆನಪಿರಲ್ಲ, ಹಾಗಾಗಿ ಕಳೆದ ಎರಡು ತಿಂಗಳಲ್ಲಿ ಬಂದವರನ್ನಷ್ಟೇ ಕೇಳಿದೆ: "ಸೇರಿದ ವಾರ ಮನೆಯಲ್ಲಿ ಏನು ನಡೀತಿತ್ತು? ಬೇರೆಲ್ಲಿ ವಿಚಾರಿಸಿದ್ರಿ? ಬರೋಕೆ ಮುಂಚೆ ಯಾವುದಕ್ಕೆ ಹಿಂಜರಿದ್ರಿ?"

ಮೂರನೇದೇ ಬಾಯಿ ಬಿಡಿಸಿದ್ದು. ಒಬ್ಬ ಅಕ್ಕ ಹೇಳಿದ್ರು: "ದೊಡ್ಡ ಜಿಮ್‌ನಲ್ಲಿ ಎಲ್ಲರೂ ನನ್ನೇ ನೋಡ್ತಾರೆ ಅನ್ಸೋದು. ಇಲ್ಲಿ ಮಗನ್ನ ಸ್ಕೂಲ್ ವ್ಯಾನ್ ಹತ್ತಿಸಿ, ಚೂಡಿದಾರದಲ್ಲೇ ಬರ್ತೀನಿ." ಇದೇ ಮುಜುಗರದ ಮಾತು ಇನ್ನೂ ನಾಲ್ಕೈದು ಜನರಿಂದ ಬಂತು. ಮೆಷಿನ್ ಬಗ್ಗೆ ಒಬ್ಬರೂ ಎತ್ತಲಿಲ್ಲ (ಸಾಲ ಮಾಡಿ ತಂದಿದ್ದೆ, ಇರಲಿ).

ಸಿಕ್ಸ್ ಪ್ಯಾಕ್ ಬ್ಯಾನರ್ ಇಳಿಸಿದೆ. ಈಗಿನ ಬೋರ್ಡ್ ಅವರದೇ ಮಾತು: "ವ್ಯಾನ್ ಹತ್ತಿಸಿ ಹಾಗೇ ಬನ್ನಿ. 9ರಿಂದ 11 ಹೆಂಗಸರಿಗೆ ಮಾತ್ರ."

ಆದರೆ ಇವರೆಲ್ಲ ಸೇರಿದವರು. ಟ್ರಯಲ್‌ಗೆ ಬಂದು ಹೋದವರಿಗೆ ನಾನೇ ಫೋನ್ ಮಾಡಿದ್ರೆ "ಟೈಮಿಲ್ಲ ಸರ್" ಅಂತಾರೆ, ಅದು ಬರೀ ದಾಕ್ಷಿಣ್ಯ. ಈ ವಾರ ತಂಗಿ ಕೈಲಿ ಮಾಡಿಸ್ತಿದ್ದೀನಿ.