ಸಹಾಯ ಬೇಕು: ಹಳೇ ಚೇತಕ್‌ಗೆ ಲೀಟರಿಗೆ 20 ಎಂಎಲ್ ಆಯಿಲ್ ಸಾಕಾ?

ಎಲ್ಲರಿಗೂ ನಮಸ್ಕಾರ. ನಾನು ಬದಿಯಡ್ಕದವನು. ಅಪ್ಪನ ಹಳೇ ಟೂ ಸ್ಟ್ರೋಕ್ ಚೇತಕ್‌ಗೆ ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಿದ್ದೇವೆ. ರನ್ನಿಂಗ್ ಇನ್ ಮುಗಿಯುವ ತನಕ ಲೀಟರ್ ಪೆಟ್ರೋಲಿಗೆ 40 ಎಂಎಲ್ 2ಟಿ ಆಯಿಲ್ ಹಾಕಲು ಮೆಕ್ಯಾನಿಕ್ ಹೇಳಿದ್ದರು. ಅದು ಮುಗಿದಿದೆ, ಆಯಿಲ್ ಮಾತ್ರ ಈಗಲೂ ಅಷ್ಟೇ ಹೋಗುತ್ತಿದೆ.

ಪ್ಲಗ್ ಬಿಚ್ಚಿದರೆ ತುದಿಯಲ್ಲಿ ಕಪ್ಪು ಜಿಡ್ಡು, ಒದ್ದೆ. ಸರಿಯಿದ್ದರೆ ತಿಳಿ ಕಂದು ಬಣ್ಣ ಇರಬೇಕು ಅಲ್ವಾ? ಎಂಜಿನ್ ಬಿಸಿಯಾದ ಮೇಲೂ ಹೊಗೆ ಜಾಸ್ತಿ. ಚಡಾವಿನಲ್ಲಿ ಎಳೆಯುವುದಿಲ್ಲ. ಸೈಲೆನ್ಸರ್ ಒಳಗೆ ಕಾರ್ಬನ್ ಕಟ್ಟಿರಬಹುದು.

ಮಾಮೂಲಿ ಅಳತೆ ಲೀಟರಿಗೆ 20 ಎಂಎಲ್, ಅಂದರೆ ನೂರಕ್ಕೆ ಎರಡು. ಟ್ಯಾಂಕಿನಲ್ಲಿ ಈಗ ಸುಮಾರು 2 ಲೀಟರ್ ಇದೆ, ಅದರಲ್ಲಿ 80 ಎಂಎಲ್ ಆಯಿಲ್. ಇನ್ನು 3 ಲೀಟರ್ ಪೆಟ್ರೋಲಿಗೆ ಬರೇ 20 ಎಂಎಲ್ ಹಾಕಿದರೆ ಒಟ್ಟು 5 ಲೀಟರಿಗೆ 100 ಎಂಎಲ್, ಲೆಕ್ಕ ಸರಿಹೋಗುತ್ತದೆ.

ನನ್ನ ಹೆದರಿಕೆ ಸೀಜ್‌ನದ್ದು. ಟೂ ಸ್ಟ್ರೋಕಿನಲ್ಲಿ ಪಿಸ್ಟನ್‌ಗೆ ಪೆಟ್ರೋಲ್ ಜೊತೆ ಹೋಗುವ ಆಯಿಲೇ ಗತಿ. ಕಡಿಮೆಯಾದರೆ ಪಿಸ್ಟನ್ ಉಜ್ಜಿ ಗೀರು ಬೀಳುತ್ತದೆ, ಓಡುವಾಗಲೇ ಹಿಡಿದುಕೊಂಡು ಚಕ್ರ ಲಾಕ್ ಆಗಬಹುದು.

ಒಮ್ಮೆಲೇ 20ಕ್ಕೆ ಇಳಿಸಬಹುದಾ, ಅಥವಾ ಒಂದು ಟ್ಯಾಂಕ್ 30ರಲ್ಲಿ ಓಡಿಸಬೇಕಾ? ಚೇತಕ್ ಬಿಚ್ಚಿ ಜೋಡಿಸಿದ ಅನುಭವ ಇದ್ದವರು ದಯವಿಟ್ಟು ತಿಳಿಸಿ.