ಮಾವನ ಪೆನ್ಷನ್ ಅತ್ತೆ ಹೆಸರಿಗೆ ಮಾಡಿಸ್ಬೇಕು, ಪಿಪಿಒದಲ್ಲಿ ಹೆಸರು ಬೇರೆ ಇದೆ

ಪ್ರಶ್ನೆ (ಸೊಸೆ): ನಮ್ಮಾವ ಕೇಂದ್ರ ಸರ್ಕಾರಿ ನೌಕರಿಲಿದ್ರು, 60ಕ್ಕೆ ರಿಟೈರ್ ಆದ್ರು, ಮಾರ್ಚ್ 11ಕ್ಕೆ ತೀರ್ಕೊಂಡ್ರು, ಆಗ 64 ವರ್ಷ. ಅತ್ತೆ ಹೆಸರು ಪಿಪಿಒ ಅಂದ್ರೆ ಪೆನ್ಷನ್ ಆದೇಶ ಪತ್ರದಲ್ಲಿದೆ ಆದ್ರೆ ಅಲ್ಲಿ ಹೆಸರಿನ ಕೊನೆಗೆ ಅಮ್ಮ ಅಂತಿದೆ, ಆಧಾರ್‌ನಲ್ಲಿ ಬಾಯಿ ಅಂತಿದೆ. ಅಕೌಂಟ್ ಇಬ್ಬರದ್ದೂ ಜಾಯಿಂಟ್. ಬ್ಯಾಂಕಿಗೆ ಇನ್ನೂ ಹೇಳಿಲ್ಲ, ಮಾರ್ಚ್ ಏಪ್ರಿಲ್ ಎರಡು ತಿಂಗಳ ಪೆನ್ಷನ್ ಬಂದುಬಿಟ್ಟಿದೆ. ಅರ್ಜಿ ಎಲ್ಲಿ ಕೊಡ್ಬೇಕು, ಏನೇನು ಇಡ್ಬೇಕು?

ಸದಸ್ಯ 1: ಮೊದ್ಲು ತಹಶೀಲ್ದಾರ್ ಹತ್ರ ವಂಶವೃಕ್ಷ ಮಾಡಿಸಿ ಮೇಡಂ, ಮರಣ ಪ್ರಮಾಣ ಪತ್ರ ಅಂತೂ ಬೇಕೇ ಬೇಕು. ಜಾಯಿಂಟ್ ಅಕೌಂಟ್ ಕ್ಲೋಸ್ ಮಾಡಿ ಅತ್ತೆ ಒಬ್ಬರ ಹೆಸರಲ್ಲಿ ಹೊಸದು ತೆಗೀಬೇಕು.

ಸದಸ್ಯೆ 2: ನಮ್ಮಮ್ಮಂಗೆ ನಾಡಕಚೇರಿಲಿ ಅರ್ಜಿ ಹಾಕಿದ್ವಿ, ಆದಾಯ ಪ್ರಮಾಣ ಪತ್ರ ಕೇಳಿದ್ರು.

ಉತ್ತರ (ಪೆನ್ಷನ್ ಸೆಕ್ಷನ್‌ನಲ್ಲಿದ್ದು ನಿವೃತ್ತರಾದವರು): ಅಕ್ಕಾ, ನಾಡಕಚೇರಿಲಿ ನೀವು ಹಾಕಿದ್ದು ವಿಧವಾ ವೇತನಕ್ಕೆ, ಅದು ರಾಜ್ಯದ ಸಾಮಾಜಿಕ ಭದ್ರತೆ ಯೋಜನೆ, ಇದು ನೌಕರನ ಸೇವೆ ಮೇಲೆ ಹೆಂಡತಿಗೆ ಬರೋ ಹಕ್ಕು, ಹೆಂಡತಿಗೆ ಆದಾಯದ ಮಿತಿನೇ ಇಲ್ಲ. ಮರಣ ಪ್ರಮಾಣ ಪತ್ರ ಬೇಕು ಅನ್ನೋದು ಸರಿ, ಆದ್ರೆ ಪಿಪಿಒದಲ್ಲೇ ಹೆಂಡತಿ ಹೆಸರಿದ್ದಾಗ ವಂಶವೃಕ್ಷ ಬೇಡ. ಅಕೌಂಟ್ ಅಂತೂ ದಯವಿಟ್ಟು ಕ್ಲೋಸ್ ಮಾಡ್ಬೇಡಿ, ಅದೇ ಜಾಯಿಂಟ್ ಅಕೌಂಟಿಗೇ ಕುಟುಂಬ ಪಿಂಚಣಿ ಹಾಕ್ಬಹುದು.

ಪೆನ್ಷನ್ ಬರ್ತಿದ್ದ ಬ್ರಾಂಚಿಗೇ ಹೋಗಿ. ಬಿಳಿ ಹಾಳೆ ಮೇಲೆ ಅತ್ತೆಯವರೇ ಬರೀಲಿ: ಪಿಪಿಒ ನಂಬರ್, ಯಜಮಾನರು ತೀರಿಕೊಂಡ ದಿನ, ಅಕೌಂಟ್ ನಂಬರ್, ಮರುದಿನದಿಂದ ಕುಟುಂಬ ಪಿಂಚಣಿ ಶುರು ಮಾಡಿ ಅಂತ ಕೋರಿಕೆ, ಕೆಳಗೆ ಸಹಿ ಅಥವಾ ಹೆಬ್ಬೆಟ್ಟು. ಜೊತೆಗೆ ಮರಣ ಪ್ರಮಾಣ ಪತ್ರ, ಮನೇಲಿರೋ ಪಿಪಿಒ ಪ್ರತಿ, ಅತ್ತೆಯ ಆಧಾರ್ ಪ್ಯಾನ್, ಪಾಸ್‌ಬುಕ್ ಮೊದಲ ಪುಟ, ಮತ್ತೆ ಹೆಚ್ಚುವರಿ ಹಣ ಬಂದಿದ್ರೆ ವಾಪಸ್ ಹಿಡ್ಕೊಳ್ಳಬಹುದು ಅನ್ನೋ ಮುಚ್ಚಳಿಕೆ, ಇದನ್ನ ಬಿಟ್ರೆ ಕಡತ ಅಲ್ಲೇ ನಿಲ್ಲುತ್ತೆ. ಅರ್ಜಿಯ ಇನ್ನೊಂದು ಪ್ರತಿ ಮೇಲೆ ಸೀಲು, ತಾರೀಖು ಹಾಕಿಸ್ಕೊಳ್ಳಿ.

ಹೆಸರಿನ ವಿಷ್ಯ. ಅಮ್ಮ, ಬಾಯಿ ಅನ್ನೋಷ್ಟೇ ವ್ಯತ್ಯಾಸ ಆದ್ರೆ ಎರಡೂ ಹೆಸರು ಒಬ್ಬರದೇ ಅಂತ ನೋಟರಿ ಅಫಿಡವಿಟ್ ಮಾಡಿಸಿ ಅರ್ಜಿ ಜೊತೆಗೇ ಇಡಿ. ಬ್ರಾಂಚ್ ಒಪ್ಪಲ್ಲ ಅಂದ್ರೆ ಮಾವ ರಿಟೈರ್ ಆದ ಕಚೇರಿಗೆ ಬರೆದು ಪಿಪಿಒನಲ್ಲೇ ತಿದ್ದುಪಡಿ ತರಿಸ್ಬೇಕು, ಅದು ನಿಧಾನ. ಆಧಾರ್ ಬದಲಾಯಿಸೋಕೆ ಮಾತ್ರ ಅವಸರ ಬೇಡ, ಪ್ಯಾನ್, ಪಾಸ್‌ಬುಕ್ ಎಲ್ಲಾ ಮತ್ತೆ ಬೇರೆಬೇರೆ ಆಗ್ತವೆ.

ಸೊಸೆ: ತುಂಬಾ ಥ್ಯಾಂಕ್ಸ್ ಸರ್. ಆಧಾರ್, ಪ್ಯಾನ್, ಪಾಸ್‌ಬುಕ್ ಮೂರರಲ್ಲೂ ಬಾಯಿ ಅಂತಾನೇ ಇದೆ. ಎರಡು ತಿಂಗಳ ದುಡ್ಡು ವಾಪಸ್ ಕೊಡ್ಬೇಕಲ್ವಾ, ಅತ್ತೆಗೆ ಅದೇ ಭಯ. ಮಾವನ ಕೊನೇ ಬೇಸಿಕ್ 48,000, ಪೆನ್ಷನ್ 24,000, ಅದ್ರಲ್ಲಿ 40 ಪರ್ಸೆಂಟ್ ಕಮ್ಯುಟೇಷನ್ ಅಂತ ಮುಂಚೇನೇ ಒಟ್ಟಿಗೆ ದುಡ್ಡಾಗಿ ತಗೊಂಡಿದ್ರು.

ಉತ್ತರ: ಹಾಗಾದ್ರೆ ಭಯ ಬೇಡಮ್ಮ, ಲೆಕ್ಕ ನೋಡಿ. 9,600 ಕಟ್ ಆಗಿ ಮಾವನ ಕೈಗೆ 14,400 ಮತ್ತೆ ಡಿಎ ಬರ್ತಿತ್ತು. ಕಮ್ಯುಟೇಷನ್ ಕಟಿಂಗ್ ಅವರ ಜೊತೆಗೇ ಮುಗೀತು, ಅತ್ತೆಗೆ ಅದು ಬರಲ್ಲ. ರಿಟೈರ್ ಆದ್ಮೇಲೆ ತೀರ್ಕೊಂಡ್ರೆ 7 ವರ್ಷ, ಇಲ್ಲಾ ಅವರಿಗೆ 67 ತುಂಬ್ತಿದ್ದ ದಿನ, ಯಾವುದು ಮೊದಲೋ ಅಲ್ಲೀವರೆಗೂ ಹೆಚ್ಚಿನ ದರ ಸಿಗುತ್ತೆ. ನಿಮ್ಮ ಕೇಸಲ್ಲಿ 67 ಮೊದಲು ಬರುತ್ತೆ, ಅಲ್ಲೀವರೆಗೆ ಪೂರ್ತಿ 24,000 ಮತ್ತೆ ಡಿಎ. ಆಮೇಲೆ ಕೊನೇ ಬೇಸಿಕ್‌ನ 30 ಪರ್ಸೆಂಟ್, ಅಂದ್ರೆ 14,400 ಮತ್ತೆ ಡಿಎ. ಆಗ ಕಮ್ಮಿ ಆಯ್ತು ಅಂತ ಗಾಬರಿಯಾಗಿ ಬರೋರು ಬಹಳ ಜನ, ಅತ್ತೆಗೆ ಈಗ್ಲೇ ಹೇಳಿಡಿ.

ಮಾರ್ಚ್ 11ರವರೆಗೆ ಮಾವನ ಪೆನ್ಷನ್, 12ರಿಂದ ಅತ್ತೆಯದು. 12ರಿಂದಾಚೆ ಮಾವನ ಲೆಕ್ಕದಲ್ಲಿ ಬಿದ್ದಿದ್ದನ್ನ ಬ್ಯಾಂಕ್ ಹಿಡ್ಕೊಳ್ಳುತ್ತೆ, ಆದ್ರೆ ಅದೇ ದಿನಗಳಿಗೆ ಅತ್ತೆಗೆ ಅದಕ್ಕಿಂತ ಜಾಸ್ತಿ ಬರ್ಬೇಕು, ಹಾಗಾಗಿ ಕೊನೆಗೆ ಅವರಿಗೇ ಬಾಕಿ ಸಿಗುತ್ತೆ, ಏಪ್ರಿಲ್ ಒಂದಕ್ಕೇ 9,600. ಮೊದ್ಲು ಹಿಡಿದು ಆಮೇಲೆ ಹಾಕ್ಬಹುದು, ಅಷ್ಟರವರೆಗೆ ಆ ದುಡ್ಡು ಅಕೌಂಟಲ್ಲೇ ಇರ್ಲಿ, ಮಾವನ ಎಟಿಎಂ ಕಾರ್ಡ್ ಬಳಸ್ಬೇಡಿ.

ಸದಸ್ಯ 3: ನಮ್ಮತ್ತಿಗೆಗೆ ಸ್ವಂತ ಪೆನ್ಷನ್ ಬರ್ತಿದೆ, ಇದೂ ಸಿಗುತ್ತಾ ಸರ್?

ಉತ್ತರ: ಎರಡೂ ಸಿಗುತ್ತೆ.

ಸದಸ್ಯ 1: ನಮ್ಮ ಕಡೆ ಬ್ರಾಂಚ್‌ನಲ್ಲಿ ವಂಶವೃಕ್ಷ ಕೇಳಿಯೇ ಕೇಳ್ತಾರೆ ಸರ್, ರೂಲ್ಸ್ ಏನೇ ಇರ್ಲಿ.

ಉತ್ತರ: ಕೇಳ್ತಾರೆ, ಗೊತ್ತು. ಯಾವ ನಿಯಮದ ಪ್ರಕಾರ ಅಂತ ಬರೆದುಕೊಡಿ ಅನ್ನಿ, ಆಮೇಲೂ ಹಟ ಹಿಡಿದ್ರೆ ಬ್ಯಾಂಕಿನ ಪೆನ್ಷನ್ ಪ್ರೊಸೆಸಿಂಗ್ ಸೆಂಟರ್‌ಗೇ ಬರೀರಿ, ಲೆಕ್ಕ ಹಾಕಿ ಹಣ ಬಿಡೋದು ಅವರೇ.

ಸೊಸೆ: ಇವತ್ತು ಹೋಗಿದ್ವಿ ಸರ್. ಅರ್ಜಿ ತಗೊಂಡು ಸೀಲ್ ಹಾಕಿ ಕೊಟ್ರು, ವಂಶವೃಕ್ಷ ಕೇಳಲಿಲ್ಲ. ಅಫಿಡವಿಟ್ ನಡೆಯುತ್ತೋ ಇಲ್ವೋ ಮ್ಯಾನೇಜರ್ ನೋಡಿ ಹೇಳ್ತೀನಿ ಅಂದಿದ್ದಾರೆ.